ಮೀಟರಮ್ಮನೂ ನಲವತ್ತೊಂದು ಪಾಯಿಂಟ್ ಎಂಟೂ

ಮೀಟರಮ್ಮ ಎಂಬ ಹೆಸರನ್ನು ಅವಳಿಗೆ ಮೊದಲು ಇಟ್ಟವರು ಯಾರೆಂಬುದು ಈಗ ಯಾರಿಗೂ ನೆನಪಿಲ್ಲ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರಿನಿಂದ ಕರೆದರೆ ಅವಳೇ ಹಿಂದಿರುಗಿ ನೋಡುತ್ತಿರಲಿಲ್ಲ. ಎಡಗೈಯಲ್ಲಿ ಹಳೆಯ ಮಲ್ಟಿಮೀಟರು, ಅದರ ಕೆಂಪು ಕಪ್ಪು ತಂತಿಗಳು ಕುತ್ತಿಗೆಯ ಸುತ್ತ, ಕಿವಿಯ ಹಿಂದೆ ಸಿಕ್ಕಿಸಿದ ಸಣ್ಣ ಸ್ಕ್ರೂಡ್ರೈವರು: ಮೂವತ್ತೊಂದು ವರ್ಷ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಅವಳು ಓಡಾಡಿದ್ದು ಹೀಗೆಯೇ.

ಓದಿದ್ದು ಆರನೆಯ ತರಗತಿ. ಗಂಡ ಬೀರುವಿನಷ್ಟು ಅಗಲದ ಅಂಗಡಿಯಲ್ಲಿ ರೇಡಿಯೋ, ಆಂಪ್ಲಿಫೈಯರು ರಿಪೇರಿ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಅಂಗಡಿ ಹೋಯಿತು, ಬೆಸುಗೆ ಕಡ್ಡಿ ಮತ್ತು ಮೀಟರು ಉಳಿದವು. ಕಾಲೇಜಿನಲ್ಲಿ ಅವಳನ್ನು ತೆಗೆದುಕೊಂಡದ್ದು ಟೇಬಲ್ಲುಗಳ ದೂಳು ಒರೆಸುವುದಕ್ಕೆ. ದೂಳು ಒರೆಸುತ್ತಲೇ ಅವಳು ಕೆಟ್ಟ ಪವರ್ ಸಪ್ಲೈಯೊಂದನ್ನು ಸರಿಮಾಡಿ ಇಟ್ಟಳು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಂದು ವರ್ಷವಾಗುವಷ್ಟರಲ್ಲಿ ಲ್ಯಾಬಿನಲ್ಲಿ ಕೆಟ್ಟದ್ದೆಲ್ಲ ಅವಳ ಮೇಜಿಗೆ ಬಂದು ಬೀಳತೊಡಗಿತು. ದೂಳು ಒರೆಸುವ ಕೆಲಸ ಮಾತ್ರ ತಪ್ಪಲಿಲ್ಲ.

ಅಕ್ಷರ ಅವಳಿಗೆ ನಿಧಾನ. ಒಂದು ಸಾಲು ಓದುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಅಂಕಿ ಮಾತ್ರ ಹಾಗಲ್ಲ. ರೆಸಿಸ್ಟರಿನ ಮೇಲೆ ಅದು ಎಷ್ಟು ಓಮಿನದೆಂದು ಹೇಳುವ ಬಣ್ಣದ ಪಟ್ಟಿಗಳನ್ನು ಅವಳು ಮನೆಯವರ ಮುಖ ಗುರುತಿಸಿದ ಹಾಗೆ ಗುರುತಿಸುತ್ತಿದ್ದಳು. ಅದೂ ಸಾಲದೆ ಮೀಟರಿಗೆ ಹಚ್ಚಿ ನೋಡುತ್ತಿದ್ದಳು. “ಬಣ್ಣ ಹೇಳೋದು ಒಂದು, ಇರೋದು ಇನ್ನೊಂದು. ನಾನು ಇರೋದನ್ನ ಬರ್ಕೋತೀನಿ” ಎನ್ನುತ್ತಿದ್ದಳು.

ಆ ಲ್ಯಾಬಿನ ಏಳನೆಯ ಪ್ರಯೋಗಕ್ಕೆ ನಾಲ್ಕು ಬಗೆಯ ಬೋರ್ಡುಗಳಿದ್ದವು, ಒಂದೊಂದು ಬಗೆಗೂ ಮೂರು ನಾಲ್ಕು. ಎಲ್ಲವನ್ನೂ ಪ್ಲೈವುಡ್ಡಿನ ಮೇಲೆ ಕೂರಿಸಿ ಬೆಸುಗೆ ಹಾಕಿದವಳು ಅವಳೇ. ಆಂಪ್ಲಿಫೈಯರಿನ ಹೊರಗೆ ಬಂದ ಸಿಗ್ನಲ್ಲಿನಲ್ಲಿ ಒಂದು ಪಾಲನ್ನು ತಿರುಗಿಸಿ ತಂದು, ಒಳಗೆ ಬರುವ ಸಿಗ್ನಲ್ಲಿಗೆ ಎದುರಾಗಿ ಕೊಟ್ಟರೆ ಅದು ನೆಗೆಟಿವ್ ಫೀಡ್‌ಬ್ಯಾಕ್. ಸಿಗ್ನಲ್ಲು ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬ ಗಳಿಕೆ ಕಡಿಮೆಯಾಗುತ್ತದೆ, ನಡತೆ ನೆಟ್ಟಗಾಗುತ್ತದೆ. ಆ ಪಾಲನ್ನು ಎಲ್ಲಿಂದ ತೆಗೆಯುತ್ತೀರಿ, ಎಲ್ಲಿಗೆ ಸೇರಿಸುತ್ತೀರಿ ಎಂಬುದರ ಮೇಲೆ ನಾಲ್ಕು ಬಗೆ: ವೋಲ್ಟೇಜ್ ಸೀರೀಸ್, ವೋಲ್ಟೇಜ್ ಶಂಟ್, ಕರೆಂಟ್ ಸೀರೀಸ್, ಕರೆಂಟ್ ಶಂಟ್.

ವಿಭಾಗದ ಮುಖ್ಯಸ್ಥರು ಇದನ್ನು ಎರಡು ಕಪ್ಪುಹಲಗೆ ತುಂಬ ಸೂತ್ರ ಬರೆದು ಕಲಿಸುತ್ತಿದ್ದರು. ಕ್ಲಾಸು ಮುಗಿದ ಮೇಲೆ ಹುಡುಗ ಹುಡುಗಿಯರು ತಲೆಯ ಮೇಲೆ ಕೈ ಹೊತ್ತು ಲ್ಯಾಬಿಗೆ ಬರುತ್ತಿದ್ದರು.

“ಮೀಟರಮ್ಮ, ಯಾವುದು ಏರುತ್ತೆ ಯಾವುದು ಇಳಿಯುತ್ತೆ, ಒಂದೂ ತಲೆಗೆ ಹತ್ತಲ್ಲ.”

“ನಾಲ್ಕನ್ನ ಯಾಕೆ ಹೊತ್ಕೊಂಡಿದೀಯ? ಎರಡೇ ಇರೋದು” ಎಂದು ಅವಳು ಶುರುಮಾಡುತ್ತಿದ್ದಳು. “ಒಳಗಿನ ಬಾಗಿಲಿಂದು ಒಂದು, ಹೊರಗಿನ ಬಾಗಿಲಿಂದು ಒಂದು. ಒಳಗಡೆ ನೋಡು. ವಾಪಸ್ ಬಂದದ್ದು ಸಾಲಾಗಿ, ಸೀರೀಸಲ್ಲಿ ನಿಂತು ಬರೋದಕ್ಕೆ ಎದೆಕೊಟ್ರೆ, ಆಂಪ್ಲಿಫೈಯರಿನ ಬಾಯಿಗೆ ಉಳಿಯೋದು ಚೂರೇ ಚೂರು. ಚೂರು ವೋಲ್ಟೇಜಿಗೆ ಚೂರು ಕರೆಂಟು. ಕೊಡೋವನಿಗೆ ಏನನಿಸುತ್ತೆ? ಇದರ ಇಂಪಿಡೆನ್ಸ್, ಕರೆಂಟಿಗೆ ಒಡ್ಡೋ ತಡೆ, ದೊಡ್ಡದು ಅನಿಸುತ್ತೆ. ಏರ್ತು. ಅದೇ ಶಂಟಲ್ಲಿ, ಪಕ್ಕದಲ್ಲಿ ಬಂದು ಸೇರಿದ್ರೆ? ಬಂದ ಕರೆಂಟನ್ನ ಅದೂ ಪಕ್ಕಕ್ಕೆ ಎಳ್ಕೊಳ್ಳುತ್ತೆ. ಕೊಡೋವನು ಹೆಚ್ಚು ಕೊಡಬೇಕು. ಇಳೀತು. ಅಷ್ಟೇ.”

“ಹೊರಗಡೆ?”

“ಹೊರಗಡೆ ವೋಲ್ಟೇಜನ್ನ ನೋಡಿ ಪಾಲು ತೆಗೆದ್ರೆ ಆಂಪ್ಲಿಫೈಯರು ವೋಲ್ಟೇಜನ್ನ ಕಾಯುತ್ತೆ. ಹೊರಗೆ ಹಚ್ಚಿದ ಲೋಡು ಎಳೆದು ಕೆಳಗಿಳಿಸೋಕೆ ಹೋದ್ರೆ ತಾನೇ ಜಾಸ್ತಿ ತಳ್ಳಿ ಹಿಡ್ಕೊಳ್ಳುತ್ತೆ. ಹಾಗಾಗಿ ಹೊರಗಿನ ಇಂಪಿಡೆನ್ಸ್ ಇಳಿಯುತ್ತೆ. ಕರೆಂಟನ್ನ ನೋಡಿ ತೆಗೆದ್ರೆ ಕರೆಂಟನ್ನ ಕಾಯುತ್ತೆ. ಲೋಡು ಏನಾದ್ರೂ ಆಗಲಿ, ಕರೆಂಟು ಅಷ್ಟೇ. ಆಗ ಏರುತ್ತೆ. ಎಷ್ಟು ಪಟ್ಟು ಅಂತ ನಿಮ್ಮ ಸಾರನ್ನ ಕೇಳು. ಹೊರಗೆ ಹೋಗಿ ತಿರುಗಿ ಒಳಗೆ ಬರೋ ಆ ಸುತ್ತು ಇದೆಯಲ್ಲ, ಲೂಪು, ಅದರ ಗಳಿಕೆಗೆ ಒಂದು ಕೂಡಿಸಿ ಅಂತಾರೆ, ಅದು ಸರಿಯೇ.”

ಇಷ್ಟು ಹೇಳುವಷ್ಟು ತಿಳಿದಿದ್ದರೂ ಮೀಟರಮ್ಮನಿಗೆ ಒಂದು ವಿಷಯ ಒಳಗೊಳಗೇ ಕಡಿಯುತ್ತಿತ್ತು. ಕರೆಂಟನ್ನು ಕಾಯುವ ಬೋರ್ಡುಗಳಲ್ಲಿ ಹೊರಗಿನ ಇಂಪಿಡೆನ್ಸ್ ಏರುತ್ತದೆ ಎಂದು ಅವಳ ಬಾಯಿ ಹೇಳುತ್ತಿತ್ತು. ಏರುವುದಿಲ್ಲ ಎಂದು ಅವಳ ಮೀಟರು ಹೇಳುತ್ತಿತ್ತು. ಸ್ವಿಚ್ಚು ಒತ್ತಿ ಫೀಡ್‌ಬ್ಯಾಕ್ ಕೊಟ್ಟರೂ ಎರಡೂ ಚಿಲ್ಲರೆ ಸಾವಿರ ಓಮು, ತೆಗೆದರೂ ಎರಡೂ ಚಿಲ್ಲರೆ ಸಾವಿರ ಓಮು. ಬಾಯಿ ಮತ್ತು ಮೀಟರು ಮಾತು ಬಿಟ್ಟ ಅತ್ತೆ ಸೊಸೆಯರ ಹಾಗೆ ಎಷ್ಟೋ ವರ್ಷ ಒಂದೇ ಮನೆಯಲ್ಲಿ ಇದ್ದುಕೊಂಡಿದ್ದವು. ಅವಳೂ ಯಾರ ಪರವನ್ನೂ ವಹಿಸದೆ ಕಾಲ ಹಾಕಿದ್ದಳು.

ವಿದ್ಯಾರ್ಥಿಗಳಿಗೆ ಈ ಕಷ್ಟ ಇರಲಿಲ್ಲ, ಏಕೆಂದರೆ ಅವರ ಹತ್ತಿರ ತಾಯಿ ರೆಕಾರ್ಡು ಇತ್ತು. ಯಾವ ಕಾಲದಲ್ಲೋ ಯಾರೋ ಜಾಣ ಅಂದವಾಗಿ ಬರೆದಿಟ್ಟ ರೆಕಾರ್ಡ್ ಪುಸ್ತಕ ಅದು. ಹಿರಿಯರಿಂದ ಕಿರಿಯರಿಗೆ ಕೈ ಬದಲಾಗುತ್ತ ಅಂಚು ಮೆತ್ತಗಾಗಿತ್ತು. ಅದರಲ್ಲಿ ಕರೆಂಟ್ ಸೀರೀಸ್ ಬೋರ್ಡಿನ ಹೊರಗಿನ ಇಂಪಿಡೆನ್ಸ್ ಫೀಡ್‌ಬ್ಯಾಕ್ ಇಲ್ಲದಾಗ 2.2 ಕಿಲೋ ಓಮ್, ಇದ್ದಾಗ 41.8 ಕಿಲೋ ಓಮ್ ಎಂದಿತ್ತು. ಹತ್ತೊಂಬತ್ತು ಪಟ್ಟು. ಲೂಪಿನ ಗಳಿಕೆ ಹದಿನೆಂಟು, ಒಂದು ಕೂಡಿಸಿದರೆ ಹತ್ತೊಂಬತ್ತು, ಎರಡೂ ಚಿಲ್ಲರೆಯನ್ನು ಹತ್ತೊಂಬತ್ತರಿಂದ ಗುಣಿಸಿದರೆ ನಲವತ್ತೊಂದು ಪಾಯಿಂಟ್ ಎಂಟು. ಅಳೆದದ್ದಲ್ಲ, ಗುಣಿಸಿದ್ದು. ಅಂದಿನಿಂದ ವರ್ಷಾವರ್ಷ ನಲವತ್ತು ಮಂದಿ ಅದೇ ಬೋರ್ಡನ್ನು ಅಳೆದು, ಪಾಯಿಂಟಿನ ಆಚೆಯ ಎಂಟು ಕೂಡ ತಪ್ಪದಂತೆ, 41.8 ಎಂದು ಬರೆಯುತ್ತಿದ್ದರು. ಇಷ್ಟು ಕರಾರುವಾಕ್ಕಾದ ಲ್ಯಾಬು ಬೇರೆಲ್ಲೂ ಇಲ್ಲವೆಂದು ಮುಖ್ಯಸ್ಥರಿಗೆ ಹೆಮ್ಮೆ.

ಆ ಸಾಲಿನಲ್ಲಿ ಹಾಗೆ ಬರೆಯದವಳು ಒಬ್ಬಳೇ. ಅವಳು ಮೀಟರಮ್ಮನ ಅಕ್ಕನ ಮಗಳು. ಮನೆಯಲ್ಲಿ ಪುಟ್ಟಿ.

ಪುಟ್ಟಿ ಚಿಕ್ಕಂದಿನಿಂದ ಚಿಕ್ಕಮ್ಮನ ಸೆರಗು ಹಿಡಿದು ಬೆಳೆದವಳು. “ಕಂಡದ್ದನ್ನೇ ಬರಿ” ಎಂಬ ಮಾತು ಅವಳ ಕಿವಿಗೆ ಬಿದ್ದದ್ದು ಚಿಕ್ಕಮ್ಮನಿಂದಲೇ. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಕರೆಂಟ್ ಸೀರೀಸ್ ಬೋರ್ಡು. ಎರಡೂ ಕಡೆ 2.2 ಎಂದು ಬರೆದು, ಕೆಳಗೆ ‘ಬದಲಾವಣೆ ಇಲ್ಲ’ ಎಂದು ಸೇರಿಸಿದಳು. ಮುಖ್ಯಸ್ಥರು ‘ಪ್ರಯೋಗ ಗೊತ್ತಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಫೇಲು ಮಾಡಿದರು. ಆರು ತಿಂಗಳ ಮೇಲೆ ಮತ್ತೆ ಕೂತಳು. ಚೀಟಿ ಎತ್ತಿದರೆ ಕರೆಂಟ್ ಶಂಟ್. ಅದೂ ಕರೆಂಟನ್ನು ಕಾಯುವ ಬೋರ್ಡೇ, ಹೊರಗಿನ ಅಳತೆ ಅಲ್ಲೂ ಅಲ್ಲಾಡಲಿಲ್ಲ. ಮತ್ತೆ ಕಂಡದ್ದನ್ನೇ ಬರೆದಳು, ಮತ್ತೆ ಕೆಂಪು ಶಾಯಿ.

ಮೂರನೆಯ ಸಲವೇ ಕೊನೆ. ಈ ಸಲ ಹೋದರೆ ಡಿಪ್ಲೊಮಾ ಇಲ್ಲ, ಮೂರು ವರ್ಷದ ಓದು ಮಣ್ಣುಪಾಲು ಎಂದು ಕಚೇರಿಯಿಂದ ಕಾಗದ ಬಂತು.

ಕಾಗದ ಹಿಡಿದುಕೊಂಡು ಅಕ್ಕ ಮೀಟರಮ್ಮನ ಮನೆಗೆ ಬಂದಳು. ಅಕ್ಕ ಬಟ್ಟೆ ಹೊಲಿಯುವವಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು.

“ನೋಡೇ, ನಿನ್ನ ಮೀಟರಿನಿಂದ ನನ್ನ ಮಗಳ ಬಾಳು ಹಾಳಾಗ್ತಾ ಇದೆ. ಅವರು ಕೇಳಿದ್ದನ್ನ ಬರೆದುಬಿಟ್ರೆ ಇವಳ ಗಂಟೇನು ಹೋಗುತ್ತೆ?”

“ಅಮ್ಮ, ನೀನು ಸೊಂಟ ಮೂವತ್ತು ಅಂತ ಟೇಪಲ್ಲಿ ಬಂದ್ರೆ ನಲವತ್ತು ಅಂತ ಬರ್ಕೋತೀಯಾ?” ಎಂದಳು ಪುಟ್ಟಿ, ಬಾಗಿಲಿಗೆ ಒರಗಿ.

“ಸೊಂಟದವರು ಹಟ ಹಿಡಿದ್ರೆ ಬರ್ಕೋತೀನಿ. ಆಮೇಲೆ ಹೊಲಿಗೆ ಬಿಚ್ಚಿ ಸರಿಮಾಡ್ತೀನಿ. ಮೊದಲು ಪಾಸಾಗು, ಆಮೇಲೆ ನಿನ್ನ ಸತ್ಯಾನ ಹೊಲ್ಕೋ.”

ಅಕ್ಕ ಹೋದ ಮೇಲೆ ಮೀಟರಮ್ಮ ಪುಟ್ಟಿಗೆ ಹೇಳಿದಳು: “ನಾಳೆ ಕ್ಲಾಸುಗಳು ಬಿಟ್ಟ ಮೇಲೆ ಲ್ಯಾಬಿಗೆ ಬಾ. ಏರಲ್ಲ ಅಂತ ಎರಡು ಸಲ ಹೇಳಿ ಫೇಲಾಗಿದೀಯ. ಯಾಕೆ ಏರಲ್ಲ ಅಂತ ಒಂದು ಸಲಾನೂ ಹೇಳಿಲ್ಲ. ನನಗೂ ಗೊತ್ತಿಲ್ಲ. ತಪ್ಪು ಅಲ್ಲಿದೆ.”

ಮರುದಿನ ಮಧ್ಯಾಹ್ನ ಇಬ್ಬರೂ ಕಿಟಕಿಯ ಪಕ್ಕದ ಮೇಜಿಗೆ ಕೂತರು. ಅಳೆಯುವ ವಿಧಾನ ಸರಳ. ಹೊರಗೆ ಏನೂ ಹಚ್ಚದೆ ಸಿಗ್ನಲ್ ಎಷ್ಟು ಎಂದು ಮಿಲಿವೋಲ್ಟ್ ಮೀಟರಿನಲ್ಲಿ ನೋಡಬೇಕು. ಆಮೇಲೆ ರೆಸಿಸ್ಟೆನ್ಸ್ ಪೆಟ್ಟಿಗೆಯನ್ನು ಲೋಡಾಗಿ ಹಚ್ಚಿ, ಗುಬುಟು ತಿರುಗಿಸುತ್ತ ತಿರುಗಿಸುತ್ತ, ಸಿಗ್ನಲ್ ಸರಿಯಾಗಿ ಅರ್ಧವಾಗುವ ಕಡೆ ನಿಲ್ಲಿಸಬೇಕು. ಆಗ ಪೆಟ್ಟಿಗೆಯಲ್ಲಿ ಎಷ್ಟಿದೆಯೋ ಅದೇ ಹೊರಗಿನ ಇಂಪಿಡೆನ್ಸ್. ಒಳಗಿನದಕ್ಕೂ ಹೆಚ್ಚುಕಡಿಮೆ ಹೀಗೆಯೇ. ಪೆಟ್ಟಿಗೆಯನ್ನು ಸಿಗ್ನಲ್ ಕೊಡುವ ದಾರಿಯಲ್ಲಿ ಸಾಲಾಗಿ ಇಟ್ಟು ಅರ್ಧ ಮಾಡಬೇಕು.

ಒಳಗಿನದು ಫೀಡ್‌ಬ್ಯಾಕ್ ಇಲ್ಲದೆ ಒಂದು ಪಾಯಿಂಟ್ ಎಂಟು ಕಿಲೋ ಓಮು, ಇದ್ದಾಗ ಐದು. ಏರಿತ್ತು. ಸೂತ್ರ ಹೇಳಿದಷ್ಟು ಏರಿರಲಿಲ್ಲ, ಆದರೂ ಏರಿತ್ತಲ್ಲ ಎಂದು ಅಲ್ಲಿ ಯಾರೂ ಜಗಳ ತೆಗೆದವರಲ್ಲ. ಹೊರಗಿನದು ಎಂದಿನಂತೆ ಎರಡೂ ಚಿಲ್ಲರೆಗೆ ನಿಂತಿತು.

ಮೀಟರಮ್ಮ ಸ್ವಿಚ್ಚು ಆರಿಸಿದಳು. ಕುತ್ತಿಗೆಯಿಂದ ತಂತಿ ತೆಗೆದು, ಬೋರ್ಡಿನ ಮೇಲಿದ್ದ ಒಂದೊಂದೇ ರೆಸಿಸ್ಟರನ್ನು ಒಂದು ಕಾಲು ಬಿಡಿಸಿ ಅಳೆಯುತ್ತ ಹೋದಳು. ಏನೂ ತೋಚದಾಗ ಅವಳು ಮಾಡುತ್ತಿದ್ದದ್ದು ಅದನ್ನೇ. ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಿಂದ ಹನ್ನೆರಡು ವೋಲ್ಟಿನ ಸಪ್ಲೈಗೆ ಹೋಗುವ ರೆಸಿಸ್ಟರಿಗೆ ಬಂದಾಗ ಕೈ ನಿಂತಿತು.

“ಎಷ್ಟು ಚಿಕ್ಕಮ್ಮ?”

“ಎರಡು ಸಾವಿರದ ನೂರ ತೊಂಬತ್ತು.”

ಪುಟ್ಟಿ ತನ್ನ ಹಾಳೆಯಲ್ಲಿದ್ದ 2.2ರ ಮೇಲೆ ಬೆರಳಿಟ್ಟಳು.

“ಇಷ್ಟು ವರ್ಷ ನಾವು ಅಳೆದದ್ದು ಇವನನ್ನ ಕಣೇ” ಎಂದಳು ಮೀಟರಮ್ಮ. “ಆಂಪ್ಲಿಫೈಯರನ್ನಲ್ಲ.”

ಪುಟ್ಟಿಯ ಕಣ್ಣು ಅರಳಿತು. “ಸಿಗ್ನಲ್ಲಿಗೆ ಸಪ್ಲೈ ತಂತಿಯೂ ಒಂದೇ, ಗ್ರೌಂಡೂ ಒಂದೇ. ನಡುವೆ ಇರೋ ದೊಡ್ಡ ಕೆಪಾಸಿಟರನ್ನ ಸಿಗ್ನಲ್ಲು ಸಲೀಸಾಗಿ ದಾಟುತ್ತೆ. ಅಂದ್ರೆ ಈ ರೆಸಿಸ್ಟರು ಹೊರಗಿನ ಬಾಗಿಲಿಗೆ ಪಕ್ಕದಲ್ಲೇ ನಿಂತಿದೆ, ಪ್ಯಾರಲಲ್ಲಾಗಿ. ಫೀಡ್‌ಬ್ಯಾಕ್ ಕಾಯೋದು ಟ್ರಾನ್ಸಿಸ್ಟರಿನ ಕರೆಂಟನ್ನ. ಈ ರೆಸಿಸ್ಟರು ಲೂಪಿನ ಹೊರಗೆ. ಇದು ನಿಜವಾಗಿ ಲೋಡು ಚಿಕ್ಕಮ್ಮ! ಟ್ರಾನ್ಸಿಸ್ಟರಿನ ಇಂಪಿಡೆನ್ಸ್ ಆಕಾಶಕ್ಕೆ ಏರಿದ್ರೂ, ಪಕ್ಕದಲ್ಲಿ ಇವನಿರೋವಾಗ ನಮಗೆ ಕಾಣೋದು ಇವನೇ.”

“ಹಂಗಾದ್ರೆ ವೋಲ್ಟೇಜ್ ಸೀರೀಸ್ ಬೋರ್ಡಲ್ಲಿ? ಅಲ್ಲೂ ಕಲೆಕ್ಟರ್ ರೆಸಿಸ್ಟರ್ ಇದೆಯಲ್ಲ. ಅಲ್ಲಿ ಎರಡು ಸಾವಿರದಿಂದ ನೂರ ಹತ್ತಕ್ಕೆ ಇಳಿಯುತ್ತೆ.”

“ಅಲ್ಲಿ ಪಾಲು ತೆಗೆಯೋದು ಆ ಬಾಗಿಲಿನ ವೋಲ್ಟೇಜನ್ನೇ ನೋಡಿ. ರೆಸಿಸ್ಟರೂ ಲೂಪಿನ ಒಳಗೇ ಸಿಕ್ಕಿಹಾಕ್ಕೊಂಡಿದೆ. ಅದಕ್ಕೇ ಒಟ್ಟಿಗೇ ಇಳಿಯುತ್ತೆ.”

ಮೀಟರಮ್ಮನಿಗೆ ಇಷ್ಟಕ್ಕೆ ಸಮಾಧಾನವಾಗಲಿಲ್ಲ. “ಏರಿದೆ ಅಂತೀಯ. ಏರಿದ್ರೆ ಸ್ವಲ್ಪನಾದ್ರೂ ಕಾಣಬೇಕು. ಪಕ್ಕದಲ್ಲಿ ಯಾರಿದ್ರೂ ಉಸಿರಾಟ ಕೇಳಲ್ವಾ?” ಎಂದವಳೇ ಹಳೆಯ ಪೆಟ್ಟಿಗೆಯನ್ನು ಒಳಗಿಟ್ಟು, ಹತ್ತು ಹತ್ತು ಓಮಿನ ಗುಬುಟು ಇರುವ ಪೆಟ್ಟಿಗೆಯನ್ನು ಕಪಾಟಿನಿಂದ ತಂದಳು. ಅದನ್ನು ಯಾರೂ ಕೇಳುತ್ತಿರಲಿಲ್ಲ. ತಿರುಗಿಸಲು ಹೊತ್ತು ಹಿಡಿಯುತ್ತಿತ್ತು.

ಮೂರು ಮಧ್ಯಾಹ್ನ ಅಳೆದರು. ಬೋರ್ಡು ಬಿಸಿಯಾಗಿ ನೆಲೆಗೆ ಬರಲೆಂದು ಪ್ರತಿಸಲವೂ ಇಪ್ಪತ್ತು ನಿಮಿಷ ಕಾದರು. ಫೀಡ್‌ಬ್ಯಾಕ್ ಇಲ್ಲದಾಗ ಎರಡು ಸಾವಿರದ ತೊಂಬತ್ತು. ಇದ್ದಾಗ ಎರಡು ಸಾವಿರದ ನೂರ ಎಂಬತ್ತು. ಹತ್ತು ಸಲ ಅಳೆದರೂ ಅಷ್ಟೇ. ಪುಟ್ಟಿ ಕಾಗದದ ಮೇಲೆ ಕಲೆಕ್ಟರ್ ರೆಸಿಸ್ಟರನ್ನು ಬೇರೆ ಮಾಡಿ ಲೆಕ್ಕ ಹಾಕಿದಳು. ಟ್ರಾನ್ಸಿಸ್ಟರಿನದೇ ಆದ ಇಂಪಿಡೆನ್ಸ್ ಫೀಡ್‌ಬ್ಯಾಕ್ ಇಲ್ಲದಾಗ ನಲವತ್ತಾರು ಸಾವಿರ ಓಮಿನ ಹತ್ತಿರ. ಇದ್ದಾಗ ನಾಲ್ಕು ಲಕ್ಷದ ಎಪ್ಪತ್ತೇಳು ಸಾವಿರ.

“ಇದು ನಾಲ್ಕು ಲಕ್ಷವೂ ಆಗಬಹುದು, ಎಂಟು ಲಕ್ಷವೂ ಆಗಬಹುದು” ಎಂದಳು ಪುಟ್ಟಿ. “ಗುಬುಟಿನ ಒಂದು ಹೆಜ್ಜೆಯಷ್ಟೇ ವ್ಯತ್ಯಾಸ ಇರೋದು.”

“ಹಂಗಾದ್ರೆ ಹಂಗೇ ಬರಿ. ಲಕ್ಷಗಳಲ್ಲಿದೆ, ಎಷ್ಟು ಅಂತ ಈ ಪೆಟ್ಟಿಗೆ ಹೇಳಲ್ಲ ಅಂತ ಬರಿ.”

ಇಷ್ಟೆಲ್ಲ ಆದಮೇಲೂ ಪರೀಕ್ಷೆಯ ಬೆಳಿಗ್ಗೆ ಮೀಟರಮ್ಮನ ಧೈರ್ಯ ಉಡುಗಿಹೋಯಿತು. ರಾತ್ರಿಯೆಲ್ಲ ಅಕ್ಕನ ಮುಖ ಕಣ್ಣ ಮುಂದೆ ಬಂದಿತ್ತು. ಕಾಲೇಜಿನ ಗೇಟಿನ ಹತ್ತಿರ ಪುಟ್ಟಿಯ ತೋಳು ಹಿಡಿದು ನಿಲ್ಲಿಸಿದಳು.

“ಪುಟ್ಟಿ, ನಮಗೆ ಗೊತ್ತಾಯಿತಲ್ಲ, ಸಾಕು. ಒಳಗೆ ಹೋಗಿ ನಲವತ್ತೊಂದು ಪಾಯಿಂಟ್ ಎಂಟು ಬರೆದುಬಿಡು.”

ಪುಟ್ಟಿ ಅವಳನ್ನೇ ದಿಟ್ಟಿಸಿ ನೋಡಿದಳು. “ನೀನೂನಾ ಚಿಕ್ಕಮ್ಮ?” ಎಂದವಳು ತೋಳು ಬಿಡಿಸಿಕೊಂಡು ಒಳಗೆ ಹೋದಳು.

ಲ್ಯಾಬಿನಲ್ಲಿ ಮುಖ್ಯಸ್ಥರು ಬಾಗಿಲಿನಲ್ಲೇ ಮೀಟರಮ್ಮನಿಗೆ ತಾಕೀತು ಮಾಡಿದರು. “ನಿಮ್ಮ ಸಂಬಂಧದ ಹುಡುಗಿ ಇದಾಳೆ. ಸಾಮಾನು ಕೇಳಿದ್ರೆ ಕೊಡಿ. ಬಾಯಿ ಬಿಟ್ರೆ ಅವಳ ಪೇಪರ್ ರದ್ದು.” ಮೀಟರಮ್ಮ ಬಾಯಿಗೆ ಬೀಗ ಹಾಕಿಕೊಂಡು ಕಪಾಟಿನ ಪಕ್ಕ ನಿಂತಳು.

ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. ಮಾತು ಕಡಿಮೆ, ಆಕಳಿಕೆ ಜಾಸ್ತಿ. ಚೀಟಿಗಳನ್ನು ಒಂದು ಡಬ್ಬಿಯ ಮುಚ್ಚಳದಲ್ಲಿ ಹರಡಿದರು. ಪುಟ್ಟಿ ಕಣ್ಣು ಮುಚ್ಚಿ ಎತ್ತಿದಳು. ಕರೆಂಟ್ ಸೀರೀಸ್. ಅವಳ ಪಕ್ಕದ ಮೇಜಿನಲ್ಲಿ ಅವಳಿಗಿಂತ ಕಿರಿಯ ತಂಡದ ಮೊದಲ ಬೆಂಚಿನ ಹುಡುಗ, ತರಗತಿಗೇ ಜಾಣ. ಅವನಿಗೂ ಅದೇ ಬಗೆಯ ಇನ್ನೊಂದು ಬೋರ್ಡು. ಅವನು ತಂತಿ ಹಚ್ಚುವ ಮೊದಲೇ ಕೋಷ್ಟಕ ತುಂಬಿಸಿದ್ದ.

“ಮೀಟರಮ್ಮ, ಹತ್ತು ಓಮಿನ ಪೆಟ್ಟಿಗೆ ಬೇಕು” ಎಂದಳು ಪುಟ್ಟಿ. ಚಿಕ್ಕಮ್ಮ ಎನ್ನಲಿಲ್ಲ. ಮೀಟರಮ್ಮ ತಂದುಕೊಟ್ಟಳು.

ಒಂದು ಗಂಟೆ ಕಳೆಯಿತು. ಮುಖ್ಯಸ್ಥರು ಸುತ್ತು ಹಾಕುತ್ತ ಪುಟ್ಟಿಯ ಹಾಳೆಯ ಮೇಲೆ ಬಗ್ಗಿದರು. 2.09. 2.18.

“ಇದೇನಮ್ಮ, ಮತ್ತೆ ಹಳೇ ರಾಗ? ಇದು ನಿನಗೆ ಕೊನೇ ಸಲ, ಗೊತ್ತಾ?”

“ಗೊತ್ತು ಸಾರ್.”

“ಕರೆಂಟ್ ಫೀಡ್‌ಬ್ಯಾಕಲ್ಲಿ ಔಟ್‌ಪುಟ್ ಇಂಪಿಡೆನ್ಸ್ ಏನಾಗುತ್ತೆ?”

“ಏರುತ್ತೆ ಸಾರ್.”

“ಮತ್ತೆ? ಪಕ್ಕದವನದ್ದು ನೋಡು, ನಲವತ್ತೊಂದು ಪಾಯಿಂಟ್ ಎಂಟು. ಹಿಂದಿನವನದ್ದೂ ಅಷ್ಟೇ. ಎಲ್ಲರೂ ತಪ್ಪು, ನೀನೊಬ್ಬಳು ಸರೀನಾ?”

ಸದ್ದು ಕೇಳಿ ಹೊರಗಿನ ಪರೀಕ್ಷಕರು ಚಹಾದ ಲೋಟ ಹಿಡಿದೇ ಎದ್ದು ಬಂದರು.

ಪುಟ್ಟಿ ಪರೀಕ್ಷಕರ ಕಡೆ ತಿರುಗಿದಳು. “ಸಾರ್, ಇವನ ಬೋರ್ಡಲ್ಲೇ ನೋಡೋಣ. ಔಟ್‌ಪುಟ್ ಇಂಪಿಡೆನ್ಸ್ ನಲವತ್ತೊಂದು ಪಾಯಿಂಟ್ ಎಂಟು ಕಿಲೋ ಓಮ್ ಇದ್ರೆ, ಅಷ್ಟೇ ಲೋಡು ಹಚ್ಚಿದಾಗ ಸಿಗ್ನಲ್ ಅರ್ಧ ಆಗಬೇಕಲ್ವಾ?”

“ಆಗಬೇಕು.”

“ಹಚ್ಚಲಾ?”

ಮೊದಲ ಬೆಂಚಿನ ಹುಡುಗ ತನ್ನ ಹಾಳೆಯನ್ನು ಮೆಲ್ಲಗೆ ಮೊಣಕೈಯಿಂದ ಮುಚ್ಚಿಕೊಂಡ. ಅವನ ಪೆಟ್ಟಿಗೆಗೆ ಇನ್ನೂ ತಂತಿಯೇ ಇರಲಿಲ್ಲ. ಪುಟ್ಟಿ ತಂತಿ ಹಚ್ಚಿ ಗುಬುಟುಗಳನ್ನು ತಿರುಗಿಸಿದಳು: ಹತ್ತು ಸಾವಿರದ್ದು ನಾಲ್ಕಕ್ಕೆ, ಸಾವಿರದ್ದು ಒಂದಕ್ಕೆ, ನೂರರದ್ದು ಎಂಟಕ್ಕೆ. ಲೋಡಿಲ್ಲದಾಗ ಮೀಟರಿನಲ್ಲಿ ಇನ್ನೂರು ಮಿಲಿವೋಲ್ಟ್. ಪೆಟ್ಟಿಗೆ ಹಚ್ಚಿದಾಗ ನೂರ ತೊಂಬತ್ತು. ತೆಗೆದರೆ ಇನ್ನೂರು, ಹಚ್ಚಿದರೆ ನೂರ ತೊಂಬತ್ತು.

“ಮೀಟರ್ ಕೆಟ್ಟಿದೆ” ಎಂದರು ಮುಖ್ಯಸ್ಥರು. “ಮೀಟರಮ್ಮ, ಬೇರೆ ಮೀಟರ್ ಕೊಡಿ.”

ಅವಳು ಕೊಟ್ಟಳು. ನೂರ ತೊಂಬತ್ತು.

“ಪೆಟ್ಟಿಗೆ ಕೆಟ್ಟಿರಬೇಕು.”

ಅವಳು ಬೇರೆ ಪೆಟ್ಟಿಗೆ ಕೊಟ್ಟಳು. ನೂರ ತೊಂಬತ್ತು. ಕೊಡಲು ಬೇರೆ ಏನೂ ಉಳಿದಿಲ್ಲದ್ದರಿಂದ ಅವಳು ಕೈಕಟ್ಟಿ ನಿಂತಳು. ಮುಖ್ಯಸ್ಥರು ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿದರು. ಕೆಟ್ಟಿರಬಹುದಾದ್ದು ಮತ್ತೇನಾದರೂ ಇದೆಯೇ ಎಂದು ಹುಡುಕುವವರ ಹಾಗೆ.

ಪರೀಕ್ಷಕರ ಆಕಳಿಕೆ ನಿಂತಿತ್ತು. “ಯಾಕಮ್ಮ ಹೀಗೆ?” ಎಂದರು. ಪುಟ್ಟಿ ಕಲೆಕ್ಟರ್ ರೆಸಿಸ್ಟರನ್ನು ಬೆರಳಿನಿಂದ ತೋರಿಸಿದಳು. ಅದು ಲೂಪಿನ ಹೊರಗಿದೆ, ತೊಂಬತ್ತು ಓಮಿನ ಏರಿಕೆಯೇ ಅದರ ಪಕ್ಕದಿಂದ ಕಾಣುವ ಟ್ರಾನ್ಸಿಸ್ಟರಿನ ಏರಿಕೆ ಎಂದು ವಿವರಿಸಿದಳು. ನಾಲ್ಕು ಲಕ್ಷ ಅಂತ ಯಾಕೆ ಖಂಡಿತವಾಗಿ ಹೇಳಲಾಗದು ಎಂಬುದನ್ನೂ ಹೇಳಿದಳು. “ಪುಸ್ತಕ ಸರಿ ಸಾರ್. ಮೀಟರೂ ಸರಿ. ಹೊರಗಿರೋದನ್ನ ಹತ್ತೊಂಬತ್ತರಿಂದ ಗುಣಿಸಿದ್ದು ಮಾತ್ರ ತಪ್ಪು.”

ಪರೀಕ್ಷಕರು ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು. “ಇಪ್ಪತ್ತಾರು ವರ್ಷದಿಂದ ಪರೀಕ್ಷೆ ತಗೋತಿದೀನಿ” ಎಂದರು. “ಎಲ್ಲಾ ಕಾಲೇಜಲ್ಲೂ ಒಂದೊಂದು ನಲವತ್ತೊಂದು ಪಾಯಿಂಟ್ ಎಂಟು ಇರುತ್ತೆ. ಹಚ್ಚಿ ನೋಡಬೇಕು ಅಂತ ನನಗೂ ಹೊಳೆದಿರಲಿಲ್ಲ.”

ಆಮೇಲೆ ಅವರು ಮಾರ್ಕ್ಸಿನ ಹಾಳೆ ತೆಗೆದು ಕನ್ನಡಕ ಏರಿಸಿಕೊಂಡರು. ಮುಖ ಸಪ್ಪಗಾಯಿತು.

“ನೋಡಮ್ಮ, ನೀನು ಹೇಳಿದ್ದು ಸರಿ. ಆದರೆ ಇಲ್ಲಿ ‘ನಿರೀಕ್ಷಿತ ಫಲಿತಾಂಶಕ್ಕೆ ತಾಳೆ’ ಅಂತ ಇಪ್ಪತ್ತು ಮಾರ್ಕ್ಸ್ ಇದೆ. ನಿರೀಕ್ಷಿತ ಫಲಿತಾಂಶ ಅಂತ ಪರೀಕ್ಷಾ ಬೋರ್ಡಿನವರು ಕಳಿಸಿರೋದರಲ್ಲಿ ‘ಏರಿಕೆ, ಸುಮಾರು ಹತ್ತೊಂಬತ್ತು ಪಟ್ಟು’ ಅಂತಿದೆ. ನಿನ್ನದು ತಾಳೆ ಆಗಲ್ಲ. ಸರಿಯಾಗಿರೋದಕ್ಕೆ ಕಾಲಂ ಇಲ್ಲ.”

ಮೀಟರಮ್ಮ ಬೆರಳು ಮಡಿಸಿ ಎಣಿಸಿದಳು. ಐವತ್ತಕ್ಕೆ ಪಾಸಾಗಲು ಇಪ್ಪತ್ತು ಬೇಕು. ಇಪ್ಪತ್ತು ಹೋದರೆ ಉಳಿಯುವುದು ಮೂವತ್ತು. ಪರೀಕ್ಷಕರು ಪೆನ್ನು ಅಲ್ಲಾಡಿಸುತ್ತ ಲೆಕ್ಕ ಹಾಕಿದರು. ಸರ್ಕ್ಯೂಟು ಕಟ್ಟಿದ್ದಕ್ಕೆ ಹತ್ತಕ್ಕೆ ಎಂಟು. ಹಾಳೆಯ ಅಂದಕ್ಕೆ ಹತ್ತಕ್ಕೆ ಐದು, ಏಕೆಂದರೆ ಲೆಕ್ಕ ಅಂಚಿನ ತನಕ ಹರಡಿತ್ತು. ಬಾಯಿಪ್ರಶ್ನೆಗೆ ಹತ್ತಕ್ಕೆ ಒಂಬತ್ತು. ಒಟ್ಟು ಇಪ್ಪತ್ತೆರಡು.

“ಪಾಸು” ಎಂದು ಸಹಿ ಹಾಕಿದರು.

ಮೊದಲ ಬೆಂಚಿನ ಹುಡುಗನಿಗೆ ನಲವತ್ತಾರು ಬಂತು. ತಾಳೆಗೆ ಇಪ್ಪತ್ತಕ್ಕೆ ಇಪ್ಪತ್ತು.

ಸಂಜೆ ಅಕ್ಕ ಸಕ್ಕರೆ ಹಿಡಿದುಕೊಂಡು ಬಂದು ಇಬ್ಬರ ಬಾಯಿಗೂ ಹಾಕಿದಳು. “ಅಂತೂ ನಲವತ್ತೊಂದು ಬರೆದ್ಯಾ?” ಎಂದು ಕೇಳಿದಳು.

“ಇಲ್ಲಮ್ಮ. ಇಪ್ಪತ್ತೆರಡು ತಗೊಂಡೆ.”

“ಏನೋ ಒಂದು. ಪಾಸಾದ್ಯಲ್ಲ” ಎಂದಳು ಅಕ್ಕ. ಮೀಟರಮ್ಮ ಪುಟ್ಟಿಯ ತಲೆ ಸವರಿದಳು. ಬೆಳಿಗ್ಗೆ ಗೇಟಿನ ಹತ್ತಿರ ಆಡಿದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಪುಟ್ಟಿ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿಗೆ ಸೇರಿದಳು. ಲ್ಯಾಬಿನಲ್ಲಿ ಮೀಟರಮ್ಮ ಉಳಿದಳು, ಕೆಲಸ ಬಿಡಲು ಇನ್ನೆರಡು ವರ್ಷವಿತ್ತು.

ಮುಖ್ಯಸ್ಥರು ಕೆಟ್ಟವರಲ್ಲ. ಮೂರು ದಿನ ಮುಖ ಊದಿಸಿಕೊಂಡಿದ್ದರು, ನಾಲ್ಕನೆಯ ದಿನ ತಾಯಿ ರೆಕಾರ್ಡನ್ನು ತರಿಸಿ 41.8ರ ಮೇಲೆ ಬಿಳಿ ಕಾಗದ ಅಂಟಿಸಿದರು. ತಮ್ಮ ಕೈಯಾರೆ ‘2.09, 2.18. ಕಲೆಕ್ಟರ್ ರೆಸಿಸ್ಟರ್ ಲೂಪಿನ ಹೊರಗಿದೆ’ ಎಂದು ಬರೆದರು. ಪರೀಕ್ಷಾ ಬೋರ್ಡಿನವರಿಗೂ ಪತ್ರ ಹಾಕಿ ನಿರೀಕ್ಷಿತ ಫಲಿತಾಂಶವನ್ನು ತಿದ್ದಿಸಿದರು. ಲ್ಯಾಬಿಗೆ ಸತ್ಯ ಬಂತು ಎಂದು ಮೀಟರಮ್ಮ ಆ ದಿನ ಮನೆಗೆ ಬೇಗ ಹೋದಳು.

ಮುಂದಿನ ವರ್ಷ ನಲವತ್ತು ಮಂದಿಯೂ 2.09, 2.18 ಎಂದು ಬರೆದರು. ಹತ್ತು ಓಮಿನ ಪೆಟ್ಟಿಗೆಯನ್ನು ಒಬ್ಬರೂ ಕೇಳಲಿಲ್ಲ. ವೋಲ್ಟೇಜ್ ಸೀರೀಸ್ ಬೋರ್ಡು ಸಿಕ್ಕವರಲ್ಲಿ ಕೆಲವರು ಅವಸರದಲ್ಲಿ ಅಲ್ಲೂ 2.18 ಎಂದು ಬರೆದು, ‘ಕಲೆಕ್ಟರ್ ರೆಸಿಸ್ಟರ್ ಲೂಪಿನ ಹೊರಗಿದೆ’ ಎಂದು ಸೇರಿಸಿದ್ದರು. ಅಲ್ಲಿ ಅದು ಒಳಗಿತ್ತು, ಅಳೆದಿದ್ದರೆ ನೂರ ಹತ್ತು ಓಮು ಬರುತ್ತಿತ್ತು.

ಮೀಟರಮ್ಮ ಯಾರನ್ನೂ ಬೈಯಲಿಲ್ಲ. ಒಂದು ಮಧ್ಯಾಹ್ನ ಬೆಸುಗೆ ಕಡ್ಡಿ ಕಾಯಿಸಿ, ಕರೆಂಟ್ ಸೀರೀಸ್ ಬೋರ್ಡುಗಳಿಂದ ಕಲೆಕ್ಟರ್ ರೆಸಿಸ್ಟರನ್ನು ತೆಗೆದು ಮೂರು ಸಾವಿರದ ಮುನ್ನೂರು ಓಮಿನದನ್ನು ಹಾಕಿದಳು. ಅದರ ಮೇಲಿನ ಬಣ್ಣದ ಪಟ್ಟಿಗಳು ಎಲ್ಲರಿಗೂ ಕಾಣುವಂತಿದ್ದವು. ಆಮೇಲೆ ಎರಡು ತಂಡಗಳು ಪ್ರಯೋಗ ಮಾಡಿಹೋದವು. ಅಳೆದಿದ್ದರೆ ಮೂರು ಸಾವಿರದ ಮೇಲೆ ಬರಬೇಕಿತ್ತು, ಎಲ್ಲರದ್ದೂ 2.18. ಮುಖ್ಯಸ್ಥರು ಎಲ್ಲದಕ್ಕೂ ಸಹಿ ಹಾಕಿದರು.

ಅವಳು ಅವರ ಕೋಣೆಗೆ ಹೋಗಿ ನಿಂತಳು.

“ಸಾರ್, ಕರೆಂಟ್ ಸೀರೀಸ್ ಬೋರ್ಡುಗಳಲ್ಲಿ ಈಗ ಇರೋದು ಮೂರು ಸಾವಿರದ ಮುನ್ನೂರು. ನಾನೇ ಬದಲಾಯಿಸಿದೆ. ಒಬ್ಬರಿಗೂ ಗೊತ್ತಾಗಿಲ್ಲ.”

ಮುಖ್ಯಸ್ಥರು ರಾಶಿ ಬಿದ್ದ ರೆಕಾರ್ಡುಗಳನ್ನು ನೋಡಿದರು, ಗಡಿಯಾರ ನೋಡಿದರು. “ಅಯ್ಯೋ, ಹೀಗೆ ಮಾಡಬಹುದಾ ಮೀಟರಮ್ಮ? ಎಲ್ಲಾ ಸಹಿ ಆಗಿಹೋಗಿದೆ. ಹಳೇದನ್ನೇ ತಿರುಗಿ ಹಾಕಿಬಿಡಿ. ಮಕ್ಕಳ ರೀಡಿಂಗು ಸರಿಹೋಗಲಿ.”

“ಆಗಲಿ ಸಾರ್” ಎಂದು ಅವಳು ವಾಪಸ್ಸು ಬಂದಳು. ಕಡ್ಡಿಯನ್ನು ಕಾಯಲು ಇಟ್ಟು, ಡ್ರಾಯರಿನಿಂದ ರೆಸಿಸ್ಟರಿನ ಡಬ್ಬಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಬಿಚ್ಚಿಟ್ಟಿದ್ದ ಹಳೆಯ ಎರಡು ಸಾವಿರದ ಇನ್ನೂರರವನ್ನು ಬದಿಗೆ ಸರಿಸಿ, ಸ್ವಲ್ಪ ಹೊತ್ತು ಬೆರಳಾಡಿಸಿ ಬೇರೊಂದನ್ನು ಎತ್ತಿದಳು. ಅಭ್ಯಾಸಬಲದಿಂದ ಮೀಟರಿಗೆ ಹಚ್ಚಿ ನೋಡಿದಳು. ಒಂದು ಸಾವಿರದ ನಾನೂರ ತೊಂಬತ್ತು ಓಮು. ಅದನ್ನೇ ಮೊದಲ ಬೋರ್ಡಿಗೆ ಬೆಸೆದಳು.